ಎಂಟು ಲಕ್ಷದ ಓಡಿ, ಲಕ್ಷಕ್ಕೆ ದಿನಕ್ಕೆ ಮೂವತ್ತು ರೂಪಾಯಿ: ಬ್ಯಾಂಕ್ ಅಧಿಕಾರಿ ಬರೆದುಕೊಟ್ಟ ಪತ್ರ

ಅರಸೀಕೆರೆಯಲ್ಲಿ ನನ್ನದು ಪೈಪ್ ಅಂಗಡಿ. ಪಿವಿಸಿ ಪೈಪ್, ಡ್ರಿಪ್ ಸಾಮಾನು, ಮೋಟಾರ್, ಕೇಬಲ್, ವಾಲ್ವ್ ಎಲ್ಲ ಸಿಗುತ್ತದೆ. ಗಿರಾಕಿಗಳಲ್ಲಿ ಹೆಚ್ಚಿನವರು ತೆಂಗಿನ ತೋಟದವರು. ಬೇಸಿಗೆಗೆ ಮುಂಚೆ ಪೈಪ್ ಒಯ್ಯುತ್ತಾರೆ, ಅಟ್ಟದಲ್ಲಿರುವ ಕೊಬ್ಬರಿ ತಿಪಟೂರಿನಲ್ಲಿ ಮಾರಿದ ಮೇಲೆ ದುಡ್ಡು ಕೊಡುತ್ತಾರೆ. ಉಂಡೆ ಕೊಬ್ಬರಿ ಆಗಲು ಕಾಯಿ ತಿಂಗಳುಗಟ್ಟಲೆ ಅಟ್ಟದಲ್ಲಿ ಇರಬೇಕು. ಅಷ್ಟು ದಿನ ನನ್ನ ದುಡ್ಡೂ ಅಲ್ಲೇ ಇರುತ್ತದೆ. ಆದರೆ ಪೈಪ್ ಕಂಪನಿಯವರು ಕಾಯುವುದಿಲ್ಲ.

ಈ ನಡುವಿನ ಸಮಯಕ್ಕೆ ಇಷ್ಟು ವರ್ಷ ಕೈಸಾಲ ಮಾಡುತ್ತಿದ್ದೆ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಈ ಸಲ ಬ್ಯಾಂಕಿನಲ್ಲಿ ಓಡಿ ಮಾಡಿಸಿದೆ. ಅಂಗಡಿಯ ಸರಕು ಮತ್ತು ಗಿರಾಕಿಗಳಿಂದ ಬರಬೇಕಾದ ಬಾಕಿ ಆಧಾರದ ಮೇಲೆ ಕೊಡುವ ಓವರ್‌ಡ್ರಾಫ್ಟ್ ಇದು. ಕೆಲವು ಬ್ಯಾಂಕಿನಲ್ಲಿ ಇದಕ್ಕೆ ಕ್ಯಾಷ್ ಕ್ರೆಡಿಟ್ ಎನ್ನುತ್ತಾರೆ, ಬಡ್ಡಿ ಲೆಕ್ಕ ಒಂದೇ. ಮಂಜೂರಾಯಿತು, ಬಳಸಿದೆ, ಮೊದಲ ತಿಂಗಳಲ್ಲೇ ತಲೆ ಕೆಟ್ಟಿತು. ಕೊನೆಗೆ ಶಾಖೆಯ ಸಾಲ ವಿಭಾಗದ ಮೇಡಂ ಒಂದು ಪತ್ರ ಬರೆದು ಎಲ್ಲವನ್ನೂ ಬಿಡಿಸಿ ಹೇಳಿದರು. ಆ ಪತ್ರ ನನಗೆ ಅರ್ಜಿ ಹಾಕುವ ದಿನವೇ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿತು. ಅದಕ್ಕೇ ಅವರ ಒಪ್ಪಿಗೆ ಕೇಳಿ, ಅದರ ಮುಖ್ಯ ಭಾಗವನ್ನು ಇಲ್ಲಿ ಹಾಕುತ್ತಿದ್ದೇನೆ. ಅದಕ್ಕೂ ಮೊದಲು ಅಲ್ಲಿಯವರೆಗೆ ನಡೆದದ್ದನ್ನು ಹೇಳುತ್ತೇನೆ.

ಅರ್ಜಿಗೆ ಕೇಳಿದ ಕಾಗದಗಳು ಹೆಚ್ಚೇನಿಲ್ಲ. ಪ್ಯಾನ್, ಆಧಾರ್, ಉದ್ಯಮ್ ನೋಂದಣಿ, ಜಿಎಸ್‌ಟಿ ಪ್ರಮಾಣಪತ್ರ, ಹಿಂದಿನ ಒಂದು ವರ್ಷದ ಜಿಎಸ್‌ಟಿ ರಿಟರ್ನ್, ಎರಡು ವರ್ಷದ ಆದಾಯ ತೆರಿಗೆ ರಿಟರ್ನ್, ಈಗಿರುವ ಖಾತೆಯ ಒಂದು ವರ್ಷದ ಸ್ಟೇಟ್‌ಮೆಂಟ್, ಅಂಗಡಿಯ ಬಾಡಿಗೆ ಕರಾರು, ಪುರಸಭೆ ಲೈಸೆನ್ಸ್. ಇವೆಲ್ಲ ಹೇಗೂ ಇರುತ್ತವೆ. ಸಮಯ ಹಿಡಿದದ್ದು ಎರಡು ಪಟ್ಟಿ. ಒಂದು, ಅಂಗಡಿಯಲ್ಲಿರುವ ಸರಕಿನ ಪಟ್ಟಿ, ಕೊಂಡ ಬೆಲೆಯಲ್ಲಿ. ಇನ್ನೊಂದು, ಯಾರಿಂದ ಎಷ್ಟು ಬರಬೇಕು, ಎಷ್ಟು ದಿನದಿಂದ ಬಾಕಿ, ನಾವು ಯಾರಿಗೆ ಎಷ್ಟು ಕೊಡಬೇಕು ಎನ್ನುವ ಪಟ್ಟಿ. ಉದ್ರಿ ಪುಸ್ತಕದಲ್ಲಿ ಹೆಸರು, ಮೊತ್ತ ಇರುತ್ತದೆ. ದಿನಾಂಕ ಒಂದೊಂದಾಗಿ ಹುಡುಕಿ ಬರೆಯಬೇಕು. ಈ ಪಟ್ಟಿಯನ್ನು ಅರ್ಜಿ ಹಾಕುವ ಮುಂಚೆಯೇ ಮಾಡಿಟ್ಟುಕೊಳ್ಳಿ. ಮುಂದೆ ಪ್ರತಿ ತಿಂಗಳೂ ಇದೇ ಬೇಕು.

ಎಷ್ಟು ಮೊತ್ತ ಸಿಗುತ್ತದೆ ಎನ್ನುವುದಕ್ಕೆ ಬ್ಯಾಂಕಿನವರು ಮಾಡಿದ ಲೆಕ್ಕ ಸರಳವಾಗಿತ್ತು. ಬರುವ ವರ್ಷ ಎಷ್ಟು ವಹಿವಾಟು ಆಗಬಹುದು ಎಂದು ಅಂದಾಜು ಮಾಡುತ್ತಾರೆ. ಸಣ್ಣ ವ್ಯಾಪಾರಕ್ಕೆ ಅದರ ಶೇಕಡಾ 20ರಷ್ಟು ಮಿತಿ ಕೊಡುತ್ತಾರೆ. ಜಿಎಸ್‌ಟಿ ರಿಟರ್ನ್ ನೋಡಿ ನನ್ನದು 40 ಲಕ್ಷ ಎಂದು ಒಪ್ಪಿಕೊಂಡರು. ಹಾಗಾಗಿ ಮಿತಿ 8 ಲಕ್ಷ. ರಿಟರ್ನ್‌ನಲ್ಲಿ ತೋರಿಸದ ವ್ಯಾಪಾರ ಬಾಯಲ್ಲಿ ಎಷ್ಟು ಹೇಳಿದರೂ ಲೆಕ್ಕಕ್ಕೆ ಬರುವುದಿಲ್ಲ.

ಆಮೇಲೆ ಅಂಗಡಿ ನೋಡಲು ಬಂದರು. ಅಲ್ಲಿ ಮೊದಲ ಅಡಚಣೆ. ಉದ್ದ ಪೈಪ್‌ಗಳನ್ನು ನಾನು ಅಂಗಡಿಯಲ್ಲಿ ಇಡುವುದಿಲ್ಲ, ಜಾಗ ಸಾಲುವುದಿಲ್ಲ. ಮನೆ ಹಿಂದಿನ ಶೆಡ್ಡಿನಲ್ಲಿ ಇಡುತ್ತೇನೆ. "ಈ ಶೆಡ್ ನಿಮ್ಮ ಜಿಎಸ್‌ಟಿ ನೋಂದಣಿಯಲ್ಲಿ ಇಲ್ಲ, ವಿಮೆಯಲ್ಲೂ ಇಲ್ಲ. ಇಲ್ಲಿರುವ ಸರಕನ್ನು ನಾವು ಸದ್ಯಕ್ಕೆ ಲೆಕ್ಕಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ" ಎಂದರು ಬಂದ ಅಧಿಕಾರಿ. ನನಗೆ ಬೇಜಾರಾಯಿತು. ಹೆಚ್ಚಿನ ಬೆಲೆಯ ಮಾಲೆಲ್ಲ ಅಲ್ಲೇ ಇತ್ತು. ಜಿಎಸ್‌ಟಿಯಲ್ಲಿ ಅದನ್ನು ಹೆಚ್ಚುವರಿ ವ್ಯಾಪಾರ ಸ್ಥಳ ಎಂದು ಸೇರಿಸಲು ಅರ್ಜಿ ಹಾಕಿದೆ. ಅದು ಬರುವವರೆಗೆ ಮಂಜೂರಾತಿ ನಿಲ್ಲಿಸುವುದು ಬೇಡ ಎಂದು ಮ್ಯಾನೇಜರ್ ಹೇಳಿದ್ದರಿಂದ ಶೆಡ್ ಬಿಟ್ಟೇ ಕೆಲಸ ಮುಂದುವರಿಯಿತು. ನಿಮ್ಮ ಸರಕು ಎರಡು ಕಡೆ ಇದ್ದರೆ ಈ ಕೆಲಸವನ್ನು ಎಲ್ಲಕ್ಕಿಂತ ಮೊದಲು ಮಾಡಿ.

ಮನೆ ಅಡವಿಡಲಿಲ್ಲ. ಸಿಜಿಟಿಎಂಎಸ್‌ಇ ಎನ್ನುವ ಸರ್ಕಾರಿ ಗ್ಯಾರಂಟಿ ಯೋಜನೆಯಲ್ಲಿ ಮಾಡಿದರು. ಇದರಲ್ಲಿ ಆಸ್ತಿ ಕೇಳುವುದಿಲ್ಲ, ಆದರೆ ವರ್ಷವರ್ಷ ಗ್ಯಾರಂಟಿ ಶುಲ್ಕ ಇರುತ್ತದೆ. ನನಗೆ ಜಿಎಸ್‌ಟಿ ಸೇರಿ ಸುಮಾರು ಮೂರೂವರೆ ಸಾವಿರ ಬಿತ್ತು. ಪ್ರೊಸೆಸಿಂಗ್ ಶುಲ್ಕ 4,000, ಅದಕ್ಕೆ ಶೇಕಡಾ 18 ಜಿಎಸ್‌ಟಿ ಸೇರಿ 4,720. ಸರಕಿನ ವಿಮೆ, ಕರಾರು ಪತ್ರದ ಸ್ಟಾಂಪ್ ಬೇರೆ. ಇವನ್ನೆಲ್ಲ ಓಡಿ ಖಾತೆಯಿಂದಲೇ ಕಳೆದರು. ಅಂದರೆ ನಾನು ಒಂದು ರೂಪಾಯಿ ಬಳಸುವ ಮುಂಚೆಯೇ ಖಾತೆ ಮೈನಸ್ ಆಗಿತ್ತು, ಬಡ್ಡಿಯೂ ಶುರುವಾಗಿತ್ತು. ಇದು ತಪ್ಪಲ್ಲ, ಆದರೆ ಮೊದಲೇ ಗೊತ್ತಿದ್ದರೆ ಆ ದಿನವೇ ಅಷ್ಟು ಹಣ ಕಟ್ಟಿಬಿಡಬಹುದು.

ಸಹಿ ಮಾಡಿದ ದಿನ ಮನಸ್ಸಿಗೆ ನಿಜಕ್ಕೂ ಹಗುರ ಅನಿಸಿತು. ಕೈಸಾಲದವರ ಮನೆ ಬಾಗಿಲಿಗೆ ಹೋಗುವುದು ತಪ್ಪಿತಲ್ಲ ಎಂದು. ಮೊಬೈಲಿನಲ್ಲಿ ಖಾತೆ ತೆರೆದರೆ ಮಿತಿ 8,00,000 ಎಂದು ಕಾಣುತ್ತಿತ್ತು.

ನವೆಂಬರ್ ತಿಂಗಳು ಪೂರ್ತಿ ಬಳಸಿದೆ. 30ನೇ ತಾರೀಖು ರಾತ್ರಿ ಬಡ್ಡಿ ಎಂದು 3,225 ರೂಪಾಯಿ ಕಳೆದಿತ್ತು. ನಮ್ಮ ಮನೆಯಲ್ಲಿ ಅವತ್ತಿಂದ ವಾದ ಶುರು. ನನ್ನ ತಮ್ಮ ಮಂಜೂರಾದ ಎಂಟು ಲಕ್ಷಕ್ಕೂ ಬಡ್ಡಿ ಹಾಕುತ್ತಾರೆ ಎಂದುಕೊಂಡಿದ್ದ. ಅವನ ಲೆಕ್ಕದಲ್ಲಿ ಅದು ಏಳು ಸಾವಿರ ದಾಟಬೇಕಿತ್ತು. ನಮ್ಮ ಲೆಕ್ಕ ಬರೆಯುವ ಹುಡುಗ ತಿಂಗಳ ಕೊನೆಯಲ್ಲಿದ್ದ ಎರಡೂವರೆ ಲಕ್ಷಕ್ಕೆ ಲೆಕ್ಕ ಹಾಕಿ 2,250 ಎಂದ. ಬ್ಯಾಂಕಿನ ಮೊತ್ತ ಎರಡಕ್ಕೂ ಹೊಂದಲಿಲ್ಲ. ಹಾಗಾದರೆ 975 ರೂಪಾಯಿ ಜಾಸ್ತಿ ಯಾಕೆ?

ಅದು ಬಗೆಹರಿಯುವ ಮುಂಚೆ ಇನ್ನೊಂದು ಪೆಟ್ಟು. ಡಿಸೆಂಬರ್ 2ರಂದು ಪೈಪ್ ಕಂಪನಿಗೆ 3,50,000 ಆರ್‌ಟಿಜಿಎಸ್ ಮಾಡಬೇಕಿತ್ತು. 5ನೇ ತಾರೀಖಿನೊಳಗೆ ಪೂರ್ತಿ ಕಟ್ಟಿದರೆ ಶೇಕಡಾ ಎರಡು ರಿಯಾಯಿತಿ, ಅಂದರೆ 7,000 ರೂಪಾಯಿ. ಖಾತೆಯಲ್ಲಿ ಬಳಸಿದ್ದು ಎರಡೂವರೆ ಲಕ್ಷ ಚಿಲ್ಲರೆ, ಮಿತಿ ಎಂಟು ಲಕ್ಷ. ಆದರೂ ಹಣ ಸಾಲದು ಎಂದು ಆರ್‌ಟಿಜಿಎಸ್ ಹೋಗಲೇ ಇಲ್ಲ. ಕೌಂಟರಿನಲ್ಲಿ ಕೇಳಿದರೆ "ಡಿಪಿ ಇಲ್ಲ ಸಾರ್" ಎಂದಷ್ಟೇ ಉತ್ತರ. ಡಿಪಿ ಅಂದರೇನು ಎಂದು ಹೇಳಲು ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಹಿಂದೆ ಉದ್ದ ಕ್ಯೂ ಇತ್ತು. ನಾಚಿಕೆ, ಸಿಟ್ಟು ಎರಡೂ ಬಂತು. ಅವತ್ತು ಇದ್ದಷ್ಟು ಕಳಿಸಿ, ಕೊರತೆ ಬಿದ್ದ ಅರವತ್ತು ಸಾವಿರ ಚಿಲ್ಲರೆಗೆ ಭಾವನ ಹತ್ತಿರ ಕೇಳಬೇಕಾಯಿತು.

ಮರುದಿನ ಎರಡು ಪ್ರಶ್ನೆಯನ್ನು ಕಾಗದದಲ್ಲಿ ಬರೆದು, ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಂಡು ಬಂದೆ. ಒಂದು, 3,225 ಹೇಗೆ ಬಂತು? ಎರಡು, ಎಂಟು ಲಕ್ಷ ಮಿತಿ ಇದ್ದೂ ಮೂರೂವರೆ ಲಕ್ಷ ಯಾಕೆ ಹೋಗಲಿಲ್ಲ? ಬಾಯಲ್ಲಿ ಕೇಳಿದ್ದಕ್ಕೆ ಸಿಗದ ಉತ್ತರ ಬರೆದು ಕೊಟ್ಟಿದ್ದಕ್ಕೆ ಸಿಕ್ಕಿತು. ಸ್ವಲ್ಪ ದಿನ ಕಾಯಬೇಕಾಯಿತು, ನಡುವೆ ಆ ಮೇಡಂ ರಜೆಯಲ್ಲಿದ್ದರು. ಆದರೆ ಬಂದ ಉತ್ತರ ಕನ್ನಡದಲ್ಲೇ ಇತ್ತು, ನನ್ನದೇ ಖಾತೆಯ ಅಂಕಿಗಳೊಂದಿಗೆ. ಹೆಸರು, ಖಾತೆ ಸಂಖ್ಯೆ ಬಿಟ್ಟು ಉಳಿದದ್ದು ಹೀಗಿದೆ.

"ಮಾನ್ಯರೇ,

ನೀವು ಬರೆದುಕೊಟ್ಟ ಎರಡು ಪ್ರಶ್ನೆಗಳಿಗೆ ಉತ್ತರ ಕೆಳಗಿದೆ. ಮೊದಲು ಬಡ್ಡಿಯ ವಿಷಯ.

ನಿಮ್ಮ ಖಾತೆಗೆ ಈಗಿನ ಬಡ್ಡಿ ದರ ವರ್ಷಕ್ಕೆ ಶೇಕಡಾ 10.95. ಇದನ್ನು 365 ದಿನಕ್ಕೆ ಭಾಗಿಸಿದರೆ ದಿನಕ್ಕೆ ಶೇಕಡಾ 0.03 ಆಗುತ್ತದೆ. ಅಂದರೆ ನೀವು ಬಳಸಿದ ಪ್ರತಿ ಒಂದು ಲಕ್ಷಕ್ಕೆ ದಿನಕ್ಕೆ 30 ರೂಪಾಯಿ. ಮಂಜೂರಾದ 8 ಲಕ್ಷಕ್ಕೆ ಬಡ್ಡಿ ಇಲ್ಲ. ಬಳಸದೆ ಬಿಟ್ಟ ಹಣಕ್ಕೂ ಬಡ್ಡಿ ಇಲ್ಲ. ಪ್ರತಿ ದಿನ ವಹಿವಾಟು ಮುಗಿದ ಮೇಲೆ ಖಾತೆಯಲ್ಲಿ ಎಷ್ಟು ಬಾಕಿ ನಿಂತಿದೆಯೋ ಅಷ್ಟಕ್ಕೆ ಆ ಒಂದು ದಿನದ ಬಡ್ಡಿ ಲೆಕ್ಕಕ್ಕೆ ಸೇರುತ್ತದೆ. ಭಾನುವಾರ, ಹಬ್ಬದ ರಜೆಗಳೂ ಸೇರುತ್ತವೆ. ತಿಂಗಳ ಕೊನೆಯ ದಿನ ಎಲ್ಲ ದಿನಗಳ ಬಡ್ಡಿಯನ್ನು ಕೂಡಿಸಿ ಒಮ್ಮೆಗೆ ಕಳೆಯುತ್ತೇವೆ.

ನವೆಂಬರ್‌ನಲ್ಲಿ ನಿಮ್ಮ ಖಾತೆ ಹೀಗಿತ್ತು. 1ರಿಂದ 5ರವರೆಗೆ ಐದು ದಿನ ಬಾಕಿ 2 ಲಕ್ಷ. ದಿನಕ್ಕೆ 60 ರೂಪಾಯಿಯಂತೆ 300. 6ರಂದು ನೀವು ಕಂಪನಿಗೆ 3 ಲಕ್ಷ ಕಳಿಸಿದಿರಿ, ಬಾಕಿ 5 ಲಕ್ಷವಾಯಿತು. 15ರವರೆಗೆ ಹತ್ತು ದಿನ ಹಾಗೇ ಇತ್ತು. ದಿನಕ್ಕೆ 150ರಂತೆ 1,500. 16ರಂದು ಒಂದೂವರೆ ಲಕ್ಷ ಜಮಾ ಮಾಡಿದಿರಿ, ಬಾಕಿ 3,50,000ಕ್ಕೆ ಇಳಿಯಿತು. 25ರವರೆಗೆ ಹತ್ತು ದಿನ, ದಿನಕ್ಕೆ 105ರಂತೆ 1,050. 26ರಂದು ಒಂದು ಲಕ್ಷ ಜಮಾ, ಬಾಕಿ 2,50,000. ತಿಂಗಳ ಕೊನೆಯವರೆಗೆ ಐದು ದಿನ, ದಿನಕ್ಕೆ 75ರಂತೆ 375. ಒಟ್ಟು 3,225 ರೂಪಾಯಿ.

ತಿಂಗಳ ಕೊನೆಯ ಬಾಕಿಯನ್ನೇ ಹಿಡಿದು ಮೂವತ್ತು ದಿನಕ್ಕೆ ಲೆಕ್ಕ ಹಾಕಿದರೆ 2,250 ಬರುತ್ತದೆ. ನಡುವೆ ಹತ್ತು ದಿನ 5 ಲಕ್ಷ ಬಳಸಿದ್ದು ಆ ಲೆಕ್ಕದಲ್ಲಿ ಕಾಣುವುದಿಲ್ಲ. ನೀವು ಕೇಳಿದ 975 ರೂಪಾಯಿ ವ್ಯತ್ಯಾಸ ಅದೇ.

ಕಳೆದ ಬಡ್ಡಿ ನಿಮ್ಮ ಬಾಕಿಗೆ ಸೇರುತ್ತದೆ. ಡಿಸೆಂಬರ್ 1ರಂದು ನಿಮ್ಮ ಬಾಕಿ 2,53,225. ಆ 3,225ನ್ನು ಜಮಾ ಮಾಡದಿದ್ದರೆ ಅದಕ್ಕೂ ದಿನದ ಬಡ್ಡಿ ಬೀಳುತ್ತದೆ. ಆದ್ದರಿಂದ ಪ್ರತಿ ತಿಂಗಳ ಬಡ್ಡಿಯಷ್ಟಾದರೂ ಹಣ ಖಾತೆಗೆ ಬರುವಂತೆ ನೋಡಿಕೊಳ್ಳಿ.

ದರ ಸ್ಥಿರವಲ್ಲ. ಅದು ರಿಸರ್ವ್ ಬ್ಯಾಂಕಿನ ರೆಪೊ ದರಕ್ಕೆ ಹೊಂದಿಕೊಂಡಿದೆ. ರೆಪೊ ಬದಲಾದರೆ ಮೂರು ತಿಂಗಳೊಳಗೆ ನಿಮ್ಮ ದರವೂ ಬದಲಾಗುತ್ತದೆ. ಆಗ 30 ರೂಪಾಯಿ ಎನ್ನುವ ಲೆಕ್ಕವನ್ನೂ ಬದಲಿಸಿಕೊಳ್ಳಬೇಕು.

ಇನ್ನು ಎರಡನೇ ಪ್ರಶ್ನೆ. ನಿಮ್ಮ ಖಾತೆಗೆ ಎರಡು ಗೆರೆಗಳಿವೆ. ಒಂದು ಮಂಜೂರಾದ ಮಿತಿ, 8 ಲಕ್ಷ. ಇದು ವರ್ಷಕ್ಕೊಮ್ಮೆ ತೀರ್ಮಾನವಾಗುತ್ತದೆ. ಇನ್ನೊಂದು ಡ್ರಾಯಿಂಗ್ ಪವರ್, ಶಾಖೆಯಲ್ಲಿ ಡಿಪಿ ಎನ್ನುತ್ತೇವೆ. ಇದು ನೀವು ಪ್ರತಿ ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್ ಮೇಲೆ ನಿಲ್ಲುತ್ತದೆ. ಎರಡರಲ್ಲಿ ಯಾವುದು ಕಡಿಮೆಯೋ ಅಲ್ಲಿಯವರೆಗೆ ಮಾತ್ರ ನೀವು ಹಣ ತೆಗೆಯಬಹುದು.

ನಿಮ್ಮ ಸ್ಟೇಟ್‌ಮೆಂಟ್ ಪ್ರಕಾರ ಅಂಗಡಿಯ ಸರಕು 6,20,000. ಅದರಲ್ಲಿ 1,40,000 ರೂಪಾಯಿಯ ಮಾಲಿಗೆ ನೀವು ಇನ್ನೂ ಹಣ ಕೊಟ್ಟಿಲ್ಲ. ಹಣ ಕೊಡದ ಸರಕಿನ ಮೇಲೆ ಬ್ಯಾಂಕ್ ಸಾಲ ಕೊಡುವುದಿಲ್ಲ. ಉಳಿದದ್ದು 4,80,000. ನಿಮ್ಮ ಮಂಜೂರಾತಿ ಪತ್ರದಂತೆ ಇದರಲ್ಲಿ ಶೇಕಡಾ 25 ನಿಮ್ಮ ಪಾಲು, ಅದನ್ನು ಕಳೆದರೆ 3,60,000. ನಿಮಗೆ ಬರಬೇಕಾದ ಬಾಕಿ ಒಟ್ಟು 5,10,000. ಅದರಲ್ಲಿ 90 ದಿನ ದಾಟಿದ್ದು 2,10,000, ಇದನ್ನು ಬಿಟ್ಟಿದ್ದೇವೆ. ಉಳಿದ 3 ಲಕ್ಷದಲ್ಲಿ ಶೇಕಡಾ 40 ನಿಮ್ಮ ಪಾಲು ಕಳೆದರೆ 1,80,000. ಎರಡೂ ಸೇರಿ ಡಿಪಿ 5,40,000.

ಡಿಸೆಂಬರ್ 2ರಂದು ನಿಮ್ಮ ಬಾಕಿ 2,53,225. ಹಾಗಾಗಿ ಆ ದಿನ ನಿಮಗೆ ಸಿಗುತ್ತಿದ್ದದ್ದು 2,86,775 ಮಾತ್ರ. 3,50,000 ಹೋಗದಿರಲು ಇದೇ ಕಾರಣ.

ಶೆಡ್ಡಿನ ಸರಕನ್ನು ಸೇರಿಸಬೇಕಾದರೆ ಅದು ನಿಮ್ಮ ಜಿಎಸ್‌ಟಿ ನೋಂದಣಿಯಲ್ಲೂ ವಿಮೆಯಲ್ಲೂ ಬರಬೇಕು. ಆಮೇಲೆ ನಾವು ಬಂದು ನೋಡಿ ಡಿಪಿ ಹೆಚ್ಚಿಸುತ್ತೇವೆ."

ಪತ್ರ ಓದಿದ ಮೇಲೆ ಅರ್ಧ ಸಿಟ್ಟು ಇಳಿಯಿತು. ಉಳಿದರ್ಧ, ಇದನ್ನು ಸಹಿ ಹಾಕಿಸಿಕೊಳ್ಳುವ ದಿನವೇ ಯಾಕೆ ಹೇಳಲಿಲ್ಲ ಎಂದು. ಮಂಜೂರಾತಿ ಪತ್ರದಲ್ಲಿ ಎಲ್ಲ ಇತ್ತು, ನಿಜ. ಆದರೆ ಅದು ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ, ಹತ್ತಾರು ಷರತ್ತುಗಳ ನಡುವೆ ಇತ್ತು. ನೀವು ಓಡಿ ಮಾಡಿಸುತ್ತಿದ್ದರೆ ಅದರಲ್ಲಿ 'ಮಾರ್ಜಿನ್' ಎನ್ನುವ ಸಾಲು ಹುಡುಕಿ, ಮೇಡಂ 'ನಿಮ್ಮ ಪಾಲು' ಎಂದು ಬರೆದದ್ದು ಅದನ್ನೇ. ಸರಕಿಗೆ ಎಷ್ಟು, ಬಾಕಿಗೆ ಎಷ್ಟು, ಎಷ್ಟು ದಿನದೊಳಗಿನ ಬಾಕಿ ಲೆಕ್ಕಕ್ಕೆ ಬರುತ್ತದೆ ಎಂದು ಅಲ್ಲಿರುತ್ತದೆ. ಬ್ಯಾಂಕಿನಿಂದ ಬ್ಯಾಂಕಿಗೆ ಇದು ಬೇರೆ ಬೇರೆ.

ಈ 90 ದಿನದ ಮಾತು ನಮ್ಮ ಕಡೆಯ ವ್ಯಾಪಾರಕ್ಕೆ ತುಂಬಾ ಕಷ್ಟದ್ದು. ತೆಂಗಿನವರ ಬಾಕಿ ಮುಳುಗುವ ಬಾಕಿಯಲ್ಲ. ಕೊಬ್ಬರಿ ಮಾರಿದ ವಾರವೇ ತಂದು ಕೊಡುತ್ತಾರೆ. ಆದರೆ ಬ್ಯಾಂಕಿನ ಕಣ್ಣಿಗೆ ಅದು ಹಳೇ ಬಾಕಿ. ಮೇಡಂ ಹತ್ತಿರ ಇದನ್ನು ಹೇಳಿದೆ. "ನಿಮ್ಮ ಗಿರಾಕಿಗಳು ಒಳ್ಳೆಯವರೇ ಇರಬಹುದು ಸಾರ್. ಆದರೆ ಯಾರು ಕೊಡುತ್ತಾರೆ, ಯಾರು ಕೊಡುವುದಿಲ್ಲ ಅಂತ ನಾವು ಇಲ್ಲಿ ಕೂತು ಹೇಳೋಕೆ ಆಗಲ್ಲ, ಅಲ್ವಾ? ಅದಕ್ಕೆ ದಿನ ಎಣಿಸುತ್ತೇವೆ" ಎಂದರು. ಅವರ ಮಾತಿನಲ್ಲೂ ನ್ಯಾಯವಿದೆ. ಹಾಗಾಗಿ ಈಗ ದೊಡ್ಡ ಉದ್ರಿಯಲ್ಲಿ ಅರ್ಧವನ್ನಾದರೂ ಮೂರು ತಿಂಗಳೊಳಗೆ ಕೊಡಿ ಎಂದು ಮೊದಲೇ ಮಾತಾಡಿಕೊಳ್ಳುತ್ತಿದ್ದೇನೆ. ಕೆಲವರು ಒಪ್ಪಿದ್ದಾರೆ, ಕೆಲವರು ಇಲ್ಲ. ಒಪ್ಪದವರ ವ್ಯಾಪಾರ ಬಿಡುವುದಕ್ಕೂ ಆಗುವುದಿಲ್ಲ.

ಶೆಡ್ಡಿನ ಕೆಲಸವೂ ಮುಗಿಯಿತು. ಜಿಎಸ್‌ಟಿ ತಿದ್ದುಪಡಿಗೆ ಶೆಡ್ಡಿನ ಕರೆಂಟ್ ಬಿಲ್, ಖಾತಾ ನಕಲು ಕೇಳಿದರು. ಜಾಗ ಅಮ್ಮನ ಹೆಸರಿನಲ್ಲಿದ್ದ ಕಾರಣ ಅವರ ಒಪ್ಪಿಗೆ ಪತ್ರವನ್ನೂ ಹಾಕಬೇಕಾಯಿತು. ವಿಮೆಯವರು ಶೆಡ್ಡಿನ ವಿಳಾಸ ಸೇರಿಸಲು ಸ್ವಲ್ಪ ಹೆಚ್ಚು ಪ್ರೀಮಿಯಂ ತೆಗೆದುಕೊಂಡರು. ಆಮೇಲೆ ಬ್ಯಾಂಕಿನವರು ಬಂದು ಪೈಪ್ ಎಣಿಸಿದರು. ಅಲ್ಲಿದ್ದ ಹಣ ಕೊಟ್ಟ ಸರಕು 2,40,000. ಶೇಕಡಾ 25 ಕಳೆದು 1,80,000 ಸೇರಿತು, ಡಿಪಿ 7,20,000 ಆಯಿತು. ಇದು ಡಿಸೆಂಬರ್ 2ರಂದೇ ಇದ್ದಿದ್ದರೆ ಭಾವನ ಹತ್ತಿರ ಕೈಚಾಚಬೇಕಿರಲಿಲ್ಲ.

ಇಲ್ಲೊಂದು ವಿಷಯ ಗಮನಿಸಿ. ಸಾಲದಲ್ಲಿ ಮಾಲು ತಂದು ಅಂಗಡಿ ತುಂಬಿಸಿದರೆ ಡಿಪಿ ಏರುವುದಿಲ್ಲ. ಎಷ್ಟು ಮಾಲು ಸೇರಿತೋ ಅಷ್ಟೇ ಕೊಡಬೇಕಾದ ಹಣವೂ ಕಳೆದುಹೋಗುತ್ತದೆ. ಹಾಗೇ ಮಾಲು ಮಾರಿ ಹಣವನ್ನು ಬೇರೆ ಖಾತೆಗೆ ಹಾಕಿಕೊಂಡರೆ ಡಿಪಿ ಇಳಿಯುತ್ತದೆ, ಬಾಕಿ ಮಾತ್ರ ಹಾಗೇ ನಿಲ್ಲುತ್ತದೆ. ಆಗ ಖಾತೆ ಗೆರೆ ದಾಟಿ ನಿಂತಂತೆ. ಅಂಥ ದಿನಗಳಿಗೆ ದಂಡದ ಶುಲ್ಕ ಬೇರೆ ಬೀಳುತ್ತದೆ.

ದಿನದ ಬಡ್ಡಿ ಅರ್ಥವಾದ ಮೇಲೆ ಅಂಗಡಿಯ ರೂಢಿಯನ್ನೇ ಬದಲಿಸಿದೆ. ಮೊದಲು ನಮ್ಮ ಕ್ಯೂಆರ್ ಕೋಡ್ ನನ್ನ ಉಳಿತಾಯ ಖಾತೆಗೆ ಇತ್ತು. ದಿನಾ ಫೋನ್‌ಪೇ, ಗೂಗಲ್‌ಪೇಯಲ್ಲಿ ಬಂದ ಹಣ ಅಲ್ಲಿ ಕೂತು ಪುಡಿಗಾಸು ಬಡ್ಡಿ ತರುತ್ತಿತ್ತು. ಅದೇ ಹೊತ್ತಿಗೆ ಓಡಿಯಲ್ಲಿ ಅದರ ಮೂರು ಪಟ್ಟಿಗಿಂತ ಜಾಸ್ತಿ ಬಡ್ಡಿ ಓಡುತ್ತಿತ್ತು. ಈಗ ಕ್ಯೂಆರ್ ಓಡಿ ಖಾತೆಗೇ ಇದೆ. ಹಣ ಬಂದಷ್ಟೂ ಬಾಕಿ ಇಳಿಯುತ್ತದೆ. ಬೇಕಾದಾಗ ಮತ್ತೆ ತೆಗೆಯಬಹುದು, ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಕಂತಿನ ಸಾಲದಲ್ಲಿ ಈ ಅನುಕೂಲ ಇಲ್ಲ. ಅಲ್ಲಿ ಕಟ್ಟಿದ ಹಣ ಕಟ್ಟಿದ ಹಾಗೆ.

ನಗದು ಕೂಡ ಗಲ್ಲಾಪೆಟ್ಟಿಗೆಯಲ್ಲಿ ಕೂರಿಸುವುದಿಲ್ಲ. ಒಂದು ಲಕ್ಷವನ್ನು ಹತ್ತು ದಿನ ಮನೆಯಲ್ಲಿಟ್ಟರೆ 300 ರೂಪಾಯಿ ಹೋಯಿತು. ಚೆಕ್ ಆದರೆ ಬ್ಯಾಂಕಿಗೆ ಕೊಟ್ಟ ದಿನವಲ್ಲ, ಹಣ ಖಾತೆಗೆ ಜಮಾ ಆದ ದಿನದಿಂದ ಬಾಕಿ ಇಳಿಯುತ್ತದೆ. ಗಿರಾಕಿ ಚೆಕ್ ಕೊಟ್ಟರೆ ಅವತ್ತೇ ಹಾಕಿಬಿಡಿ. ಇತ್ತ ನಾವು ಕೊಡಬೇಕಾದ ಹಣವನ್ನು ಕೊಡಬೇಕಾದ ದಿನಕ್ಕಿಂತ ಮುಂಚೆ ಕಳಿಸಿದರೂ ಅಷ್ಟು ದಿನದ ಬಡ್ಡಿ ಸುಮ್ನೆ ಹೋಗುತ್ತದೆ, ರಿಯಾಯಿತಿ ಇದ್ದರೆ ಮಾತ್ರ ಬೇರೆ ಮಾತು.

ಆ ರಿಯಾಯಿತಿಯ ಲೆಕ್ಕವನ್ನೂ ಈಗ ನಾನೇ ಮಾಡುತ್ತೇನೆ. ಕಂಪನಿಗೆ 3,50,000 ಬೇಗ ಕಟ್ಟಿದರೆ 7,000 ಉಳಿತಾಯ. ಅಷ್ಟೇ ಹಣವನ್ನು ಓಡಿಯಿಂದ ತೆಗೆದು ಮೂವತ್ತು ದಿನ ಇಟ್ಟುಕೊಂಡರೆ ಬಡ್ಡಿ ದಿನಕ್ಕೆ 105ರಂತೆ 3,150. ಅಂದರೆ ಬಡ್ಡಿ ಕೊಟ್ಟೂ 3,850 ಉಳಿಯಿತು. ಆದರೆ ಆ ಹಣ ಎರಡು ತಿಂಗಳ ಮೇಲೂ ವಾಪಸ್ ಬರದಿದ್ದರೆ ಲಾಭ ಕರಗುತ್ತಾ ಹೋಗುತ್ತದೆ. 67ನೇ ದಿನಕ್ಕೆ ಬಡ್ಡಿಯೇ 7,000 ದಾಟುತ್ತದೆ. ಕೈಸಾಲದ ಕಾಲದಲ್ಲಿ ಲಕ್ಷಕ್ಕೆ ದಿನಕ್ಕೆ ಹೆಚ್ಚೂಕಡಿಮೆ 66 ರೂಪಾಯಿ ಕೊಡುತ್ತಿದ್ದೆ. ಅದೂ ತಿಂಗಳ ನಡುವೆ ಹಣ ಕೊಟ್ಟರೂ ಪೂರ್ತಿ ತಿಂಗಳ ಬಡ್ಡಿ. ಆ ರೀತಿ ನೋಡಿದರೆ ಓಡಿ ಕಷ್ಟಪಟ್ಟು ಮಾಡಿಸಿದ್ದಕ್ಕೂ ಸಾರ್ಥಕ.

ತಿಂಗಳ ಬಡ್ಡಿ ಸರಿಯಿದೆಯೇ ಎಂದು ನೋಡುವುದೂ ಸುಲಭ. ಸ್ಟೇಟ್‌ಮೆಂಟ್ ತೆಗೆದುಕೊಳ್ಳಿ. ಪ್ರತಿ ದಿನದ ಕೊನೆಯ ಬಾಕಿಯನ್ನು ಒಂದರ ಕೆಳಗೆ ಒಂದು ಬರೆಯಿರಿ. ವಹಿವಾಟು ಇಲ್ಲದ ದಿನಕ್ಕೆ ಹಿಂದಿನ ದಿನದ್ದೇ ಬಾಕಿ. ಎಲ್ಲ ಕೂಡಿಸಿ. ನನ್ನ ನವೆಂಬರ್‌ನದ್ದು 1,07,50,000 ಬಂತು. ಅದನ್ನು ದರದಿಂದ ಗುಣಿಸಿ, 365ರಿಂದ ಭಾಗಿಸಿ:

```
10750000 × 10.95 ÷ 100 ÷ 365 = 3225
```

ಒಂದೆರಡು ರೂಪಾಯಿ ಹೆಚ್ಚುಕಡಿಮೆ ಬಂದರೆ ಪೈಸೆ ಸರಿಮಾಡಿದ್ದು. ದೊಡ್ಡ ವ್ಯತ್ಯಾಸ ಬಂದರೆ ಮೊದಲು ದರ ಬದಲಾಗಿದೆಯೇ ನೋಡಿ. ತಿಂಗಳ ನಡುವೆ ದರ ಬದಲಾಗಿದ್ದರೆ ಆ ದಿನದವರೆಗೆ ಒಂದು ಲೆಕ್ಕ, ಅಲ್ಲಿಂದ ಇನ್ನೊಂದು. ಅದೂ ಅಲ್ಲದಿದ್ದರೆ ಬರೆದು ಕೇಳಿ, ಸೀಲ್ ಹಾಕಿಸಿದ ಪ್ರತಿ ಇಟ್ಟುಕೊಳ್ಳಿ. ಬಡ್ಡಿಗೆ ಜಿಎಸ್‌ಟಿ ಇಲ್ಲ. ಪ್ರೊಸೆಸಿಂಗ್, ತಪಾಸಣೆ ಇಂಥ ಶುಲ್ಕಕ್ಕೆ ಮಾತ್ರ ಇರುತ್ತದೆ. ಸ್ಟೇಟ್‌ಮೆಂಟಿನಲ್ಲಿ ಇವೆರಡನ್ನೂ ಬೇರೆ ಬೇರೆ ಗುರುತು ಹಾಕಿಕೊಂಡರೆ ಗೊಂದಲ ಆಗುವುದಿಲ್ಲ.

ಬಳಸದ ಹಣಕ್ಕೆ ಬಡ್ಡಿ ಇಲ್ಲ ಎಂದ ಮಾತ್ರಕ್ಕೆ ಮಿತಿಯನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಮಾಡಿಸಿಕೊಳ್ಳಬೇಡಿ. ಪ್ರೊಸೆಸಿಂಗ್ ಶುಲ್ಕವನ್ನು ಲೆಕ್ಕ ಹಾಕುವುದು ಮಿತಿಯ ಮೇಲೆ, ಬಳಸಿದ್ದರ ಮೇಲಲ್ಲ. ಗ್ಯಾರಂಟಿ ಶುಲ್ಕವೂ ಮೊದಲ ವರ್ಷ ಮಂಜೂರಾದ ಮೊತ್ತದ ಮೇಲೇ ಬಿತ್ತು. ಕೆಲವು ಬ್ಯಾಂಕುಗಳಲ್ಲಿ ಬಳಸದೆ ಬಿಟ್ಟ ಭಾಗಕ್ಕೂ ಒಂದು ಶುಲ್ಕ ಇರುತ್ತದೆ. ನನ್ನಲ್ಲಿ ಇಲ್ಲ. ನಿಮ್ಮಲ್ಲಿ ಇದೆಯೇ ಎಂದು ಸಹಿಗೆ ಮುಂಚೆ ಕೇಳಿ.

ಕೊನೆಯದಾಗಿ, ಮೇಡಂ ಪತ್ರ ಕೊಡುವಾಗ ಬಾಯಲ್ಲಿ ಎಚ್ಚರಿಸಿದ ವಿಷಯ. ಓಡಿಗೆ ಕಂತು ಇಲ್ಲ ಎಂದು ಖಾತೆಯನ್ನು ಹಾಗೇ ಬಿಡುವಂತಿಲ್ಲ. ಬಾಕಿ ಮಿತಿಯನ್ನೋ ಡಿಪಿಯನ್ನೋ ದಾಟಿ ಸತತ 90 ದಿನ ನಿಂತರೆ, ಅಥವಾ 90 ದಿನ ಖಾತೆಗೆ ಏನೂ ಜಮಾ ಆಗದಿದ್ದರೆ, ಅಥವಾ ಆ ಅವಧಿಯಲ್ಲಿ ಬಂದ ಜಮಾ ಕಳೆದ ಬಡ್ಡಿಗೂ ಸಾಲದಿದ್ದರೆ, ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಎಂದು ಲೆಕ್ಕಕ್ಕೆ ಸೇರುತ್ತದೆ. ವ್ಯಾಪಾರ ಚೆನ್ನಾಗಿದ್ದರೂ ಅಷ್ಟೇ. ಸ್ಟಾಕ್ ಸ್ಟೇಟ್‌ಮೆಂಟ್ ಮೂರು ತಿಂಗಳಿಗಿಂತ ಹಳೆಯದಾದರೆ ಅದರ ಮೇಲಿನ ಡಿಪಿ ಮಾನ್ಯವಲ್ಲ. ನಮ್ಮ ಶಾಖೆಯಲ್ಲಿ ಪ್ರತಿ ತಿಂಗಳ 10ನೇ ತಾರೀಖಿನೊಳಗೆ ಕೊಡಬೇಕು. ತಡವಾದರೆ ಅದಕ್ಕೂ ಶುಲ್ಕ.

ಮಿತಿ ಮಂಜೂರಾಗಿರುವುದು ಒಂದು ವರ್ಷಕ್ಕೆ ಮಾತ್ರ. ನವೀಕರಣಕ್ಕೆ ಮತ್ತೆ ರಿಟರ್ನ್‌ಗಳು, ಲೆಕ್ಕಪತ್ರ, ಹೊಸ ವಿಮೆ ಎಲ್ಲ ಬೇಕು. ಅವಧಿ ಮುಗಿಯುವುದಕ್ಕೆ ಎರಡು ತಿಂಗಳು ಇರುವಾಗಲೇ ಕಾಗದ ಕೊಟ್ಟುಬಿಡಿ ಎಂದು ಅವರು ಹೇಳಿದ್ದಾರೆ. ನಾನು ಆ ತಾರೀಖನ್ನು ಉದ್ರಿ ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟಿದ್ದೇನೆ, ಪಕ್ಕದಲ್ಲಿ ಈ ತಿಂಗಳ ಡಿಪಿ ಎಷ್ಟು ಎಂದೂ.